ಹಿರಿಯ ಮಾಲಕರಿಗೆ ಬಾಕಿ ಕೇಳುವ ಪತ್ರ: 'ಪೂಜ್ಯರೇ' ಬೇಕೇ, 'ಮಾನ್ಯರೇ' ಸಾಕೇ?

ಅಚ್ಚುಮೊಳೆ_ಉಡುಪಿ

ಉಡುಪಿಯಲ್ಲಿ ಒಂದು ಸಣ್ಣ ಮುದ್ರಣದ ಅಂಗಡಿ ನಡೆಸುತ್ತಿದ್ದೇನೆ. ಮಂಗಳೂರಿನ ಒಂದು ಜವಳಿ ಅಂಗಡಿಗೆ ಬಿಲ್ಲು ಪುಸ್ತಕಗಳನ್ನೂ ಕಾಗದದ ಚೀಲಗಳನ್ನೂ ಮುದ್ರಿಸಿ ಕಳೆದ ಜುಲೈ 14ರಂದು ಒಪ್ಪಿಸಿದ್ದೆ. ಒಟ್ಟು 23,600 ರೂಪಾಯಿ. ಮುಂಗಡವಾಗಿ 5,000 ಬಂದಿದೆ, 18,600 ಬಾಕಿ ಇದೆ. ಮಾಲಕರಿಗೆ ಎಪ್ಪತ್ತನಾಲ್ಕು ವರ್ಷ, ನನ್ನ ತಂದೆಗಿಂತಲೂ ಹಿರಿಯರು. ಫೋನಿನಲ್ಲಿ ಕೇಳಿದಾಗಲೆಲ್ಲ ಪ್ರೀತಿಯಿಂದಲೇ ಮಾತನಾಡಿ, "ದೀಪಾವಳಿಯ ಅಂಗಡಿ ಪೂಜೆ ಕಳೆಯಲಿ" ಎಂದಿದ್ದರು. ಪೂಜೆ ಕಳೆದು ಮೂರು ವಾರಗಳಾಗುತ್ತ ಬಂದವು. ವಾಟ್ಸಾಪ್ ನೋಡುವವರಲ್ಲದ ಕಾರಣ ಕನ್ನಡದಲ್ಲಿ ಒಂದು ಪತ್ರ ಬರೆಯಬೇಕೆಂದಿದ್ದೇನೆ. ನನ್ನ ಕರಡಿನ ಆರಂಭ ಮತ್ತು ಮುಕ್ತಾಯ ಹೀಗಿವೆ:

"ಪೂಜ್ಯರೇ, ನಿಮ್ಮ ಪಾದಕಮಲಗಳಿಗೆ ನಮಸ್ಕಾರಗಳು. … ಆದುದರಿಂದ ತಾವು ದಯಮಾಡಿ ಬಾಕಿ ಹಣವನ್ನು ದಯಪಾಲಿಸಿ ಸಹಕರಿಸಬೇಕಾಗಿ ಪ್ರಾರ್ಥಿಸುವ, ಇಂತಿ ತಮ್ಮ ವಿಧೇಯಳು."

ಓದಿದರೆ ಏನೋ ಸರಿಯಿಲ್ಲ ಎನಿಸುತ್ತದೆ, ಆದರೆ ಏನೆಂದು ತಿಳಿಯುತ್ತಿಲ್ಲ. ಹಿರಿಯರಿಗೆ ಅಗೌರವವಾಗದಂತೆ, ಆದರೆ ನನ್ನ ಹಣವನ್ನೇ ಕೇಳುತ್ತಿದ್ದೇನೆಂಬುದು ಮಾಸದಂತೆ ಬರೆಯುವುದು ಹೇಗೆ?

ಕುಂದಾಪುರದ_ಬಾಡಿಗೆದಾರ

ನನ್ನ ಮನೆಯ ಯಜಮಾನರೂ ಹಿರಿಯರೇ. ಮನೆ ಬಿಟ್ಟು ಎಂಟು ತಿಂಗಳಾದರೂ ಅಡ್ವಾನ್ಸ್ ಹಿಂದಿರುಗಿಸಿಲ್ಲ. ತಾವು ಪತ್ರ ಬರೆಯುವ ಮುನ್ನ ಕರಾರುಪತ್ರದಲ್ಲಿ ಏನಿದೆಯೆಂದು ನೋಡಿಕೊಳ್ಳಿರಿ. ನನ್ನಲ್ಲಿ ಕರಾರುಪತ್ರವೇ ಇರಲಿಲ್ಲ, ಅದೇ ತೊಂದರೆಯಾಯಿತು.

ಅಚ್ಚುಮೊಳೆ_ಉಡುಪಿ

ನನ್ನದು ಬಾಡಿಗೆಯ ವಿಷಯವಲ್ಲ. ಬಿಲ್ಲೂ ಇದೆ, ಸರಕು ಸಂದಿತೆಂದು ಅವರ ಅಂಗಡಿಯವರು ಚಲನ್ ಮೇಲೆ ಹಾಕಿದ ಸಹಿಯೂ ಇದೆ. ಪತ್ರದ ಒಕ್ಕಣೆಯಷ್ಟೇ ನನ್ನ ಪ್ರಶ್ನೆ.

ಕಾರ್ಕಳದ_ಕನ್ನಡ_ಮೇಷ್ಟ್ರು

ನಿಮ್ಮ ಕರಡಿನಲ್ಲಿ ಮೊದಲು ಕಣ್ಣಿಗೆ ಬೀಳುವ ದೋಷ, ಒಂದೇ ಪತ್ರದಲ್ಲಿ 'ನಿಮ್ಮ' ಮತ್ತು 'ತಾವು' ಎರಡೂ ಇರುವುದು. 'ತಾವು' ಎಂದು ಹಿಡಿದರೆ ಕೊನೆಯವರೆಗೂ ತಾವು, ತಮ್ಮ, ತಮಗೆ ಎಂದೇ ಹೋಗಬೇಕು. ನಡುವೆ ಒಂದು 'ನಿಮ್ಮ' ನುಸುಳಿದರೆ ಬರೆದವರ ಗೌರವ ಎಲ್ಲಿಂದಲೋ ನಕಲು ಮಾಡಿದ್ದೆಂದು ಗೊತ್ತಾಗಿಬಿಡುತ್ತದೆ.

ಇನ್ನು 'ಪೂಜ್ಯರೇ' ಎಂಬುದು ವಯೋವೃದ್ಧರಿಗೆ ಸಲ್ಲುವ ಸಂಬೋಧನೆಯೇ, ಅದರಲ್ಲಿ ತಪ್ಪಿಲ್ಲ. 'ವಿಧೇಯಳು' ಎಂಬುದೂ ಸರಿಯೇ. ವ್ಯಾವಹಾರಿಕ ಪತ್ರಗಳ ಮುಕ್ತಾಯಕ್ಕೆ ನಾವು ಶಾಲೆಯಲ್ಲಿ ಕಲಿಸುವುದು ಅದನ್ನೇ. ಆದರೆ 'ಮಾನ್ಯರೇ' ಎಂದು ಬರೆಯುವುದಾದರೆ ಅದು 'ಮಾನ್ಯರೆ' ಎಂದು ಹ್ರಸ್ವವಾಗಿರಬೇಕು. ದೀರ್ಘ ಬರೆಯುವುದು ಈಚಿನ ರೂಢಿ.

ಬಂದರಿನ_ಗುಮಾಸ್ತ

ನಾನು ಮಂಗಳೂರು ಬಂದರಿನ ಒಂದು ಸಗಟು ಮಂಡಿಯಲ್ಲಿ ಮೂವತ್ತೆಂಟು ವರ್ಷ ಪತ್ರ ಬರೆದವನು. ಅವುಗಳಲ್ಲಿ ಅರ್ಧದಷ್ಟು ಬಾಕಿ ಕೇಳುವ ಪತ್ರಗಳೇ ಆಗಿದ್ದವು. ಮೇಷ್ಟ್ರು 'ತಾವು' ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಹ್ರಸ್ವ ದೀರ್ಘದ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ, ಎರಡೂ ರೂಢಿಯಲ್ಲಿವೆ. ಆದರೆ 'ಪೂಜ್ಯರೇ' ಮತ್ತು 'ವಿಧೇಯಳು' ಬಗ್ಗೆ ಅವರ ಮಾತನ್ನು ಒಪ್ಪಲಾರೆ.

ಸಂಬೋಧನೆ ಕೇವಲ ಗೌರವದ ಅಳತೆಯಲ್ಲ. ಬರೆಯುವವರಿಗೂ ಓದುವವರಿಗೂ ನಡುವೆ ಇರುವ ಸಂಬಂಧ ಯಾವುದೆಂದು ಅದು ಮೊದಲ ಸಾಲಿನಲ್ಲಿಯೇ ಹೇಳಿಬಿಡುತ್ತದೆ. ಪೂಜ್ಯರಿಂದ ನಾವು ಪಡೆಯುವುದು ಆಶೀರ್ವಾದ, ಅನುಗ್ರಹ, ಪ್ರಸಾದ. ಪೂಜ್ಯರಲ್ಲಿ ಯಾರಿಗೂ ಬಾಕಿ ಇರುವುದಿಲ್ಲ. ಆದುದರಿಂದ ಆ ಪದವನ್ನು ಬರೆದ ಲೇಖನಿ ತಾನಾಗಿಯೇ 'ದಯಪಾಲಿಸಿ' ಎಂಬಲ್ಲಿಗೆ ಹೋಗುತ್ತದೆ, ಅಲ್ಲಿಂದ 'ಪ್ರಾರ್ಥಿಸುವ' ಎಂಬಲ್ಲಿಗೆ, ಕೊನೆಗೆ 'ವಿಧೇಯಳು' ಎಂಬಲ್ಲಿಗೆ. ನಿಮ್ಮ ಕರಡಿನಲ್ಲಿ ಆದದ್ದು ಅದೇ. ಒಂದೊಂದು ಪದವೂ ತನ್ನಷ್ಟಕ್ಕೆ ಶುದ್ಧವಾಗಿದೆ, ಆದರೆ ಎಲ್ಲ ಸೇರಿ ನಿಮಗೆ ಸಲ್ಲಬೇಕಾದ ಹಣವನ್ನು ಅವರು ಕೊಡುವ ದಾನವಾಗಿ ಮಾಡಿಬಿಟ್ಟಿವೆ.

ವಿಧೇಯ ಎಂದರೆ ಹೇಳಿದ ಮಾತು ಕೇಳುವವನು. ಶಾಲೆಯ ಮುಖ್ಯೋಪಾಧ್ಯಾಯರಿಗೆ ರಜೆ ಕೇಳುವ ಹುಡುಗ ವಿಧೇಯ, ಮೇಲಧಿಕಾರಿಗೆ ಬರೆಯುವ ನೌಕರ ವಿಧೇಯ. ಸರಕು ಒಪ್ಪಿಸಿ ಹಣಕ್ಕೆ ಕಾದಿರುವ ವ್ಯಾಪಾರಿ ಯಾರಿಗೂ ವಿಧೇಯನಲ್ಲ. ಅಲ್ಲಿಗೆ ಸಲ್ಲುವ ಪದ 'ವಿಶ್ವಾಸಿ'. ಕನ್ನಡದಲ್ಲಿ ವಿಶ್ವಾಸ ಎಂದರೆ ನಂಬಿಕೆಯೂ ಹೌದು, ಪ್ರೀತಿಯೂ ಹೌದು. ಸಾಲದ ಮೇಲೆ ಸರಕು ಕೊಟ್ಟವರಿಗೂ ತೆಗೆದುಕೊಂಡವರಿಗೂ ನಡುವೆ ಇರಬೇಕಾದದ್ದು ಅವೆರಡೇ. ಜೊತೆಗೆ ವಿಧೇಯ, ವಿಧೇಯಳು ಎಂಬ ಲಿಂಗದ ಚಿಂತೆಯೂ ಅದಕ್ಕಿಲ್ಲ.

ಕಾರ್ಕಳದ_ಕನ್ನಡ_ಮೇಷ್ಟ್ರು

ಪತ್ರದ ಮುಕ್ತಾಯದಲ್ಲಿ ಬರುವ ಪದಗಳನ್ನು ಯಾರೂ ಹೀಗೆ ಒಡೆದು ಅರ್ಥ ಮಾಡುವುದಿಲ್ಲ. ಅವು ಬರೀ ಶಿಷ್ಟಾಚಾರ. 'ವಿಧೇಯ' ಎಂದು ಸಹಿ ಮಾಡಿದ ಮಾತ್ರಕ್ಕೆ ಯಾರೂ ಆಳಾಗುವುದಿಲ್ಲ.

ರಥಬೀದಿಯ_ಅಂಗಡಿಯವರು

ನನಗೆ ಎಪ್ಪತ್ತೆರಡು. ಇಂಥ ಪತ್ರಗಳನ್ನು ಸ್ವೀಕರಿಸುವ ಕಡೆಯವನು ನಾನು. ಆದುದರಿಂದ ಆ ಕಡೆಯ ಒಂದು ಸಂಗತಿಯನ್ನು ಹೇಳುವುದು ಒಳ್ಳೆಯದೆನಿಸುತ್ತದೆ.

ಈ ಎರಡು ಜಿಲ್ಲೆಗಳಲ್ಲಿ ತುಸು ಹೆಸರಿರುವ ಅಂಗಡಿಗೆ ಮಳೆಗಾಲ ಮುಗಿದ ಮೇಲೆ ಬರುವ ಪತ್ರಗಳಲ್ಲಿ ಹೆಚ್ಚಿನವು ವಂತಿಗೆಯವು. ದೇವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶೋತ್ಸವ, ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನ ಬಯಲಾಟ, ಭಜನಾ ಮಂದಿರದ ಮಂಗಲೋತ್ಸವ. ಅವುಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಮೇಲೆ ಪೂಜ್ಯರೇ ಅಥವಾ ಕೊಡುಗೈ ದಾನಿಗಳೇ, ಕೆಳಗೆ ಸಹಕರಿಸಬೇಕಾಗಿ ಪ್ರಾರ್ಥನೆ. ನಮ್ಮ ಅಂಗಡಿಯ ಹುಡುಗ ಟಪಾಲನ್ನು ಎರಡು ಭಾಗ ಮಾಡಿ ಇಡುತ್ತಾನೆ, ಬಿಲ್ಲುಗಳು ಒಂದು ಕಡೆ, ವಂತಿಗೆ ಇನ್ನೊಂದು ಕಡೆ. ವಂತಿಗೆಯ ಕಟ್ಟನ್ನು ನಾನು ಬಿಚ್ಚುವುದು ಮನಸ್ಸಿಗೆ ಸಮಾಧಾನವಿದ್ದ ದಿನ. ಈ ಹೆಣ್ಣುಮಗಳ ಕರಡನ್ನು ನೋಡಿದರೆ ಅವನು ಯಾವ ಕಡೆ ಇಡುತ್ತಾನೆಂದು ನನಗೆ ಸಂದೇಹವಿಲ್ಲ. ಒಡೆದು ಅರ್ಥ ಮಾಡುವುದಿಲ್ಲವೆಂದು ಮೇಷ್ಟ್ರು ಹೇಳುವುದು ಸರಿ. ಒಡೆಯದೆಯೇ, ಓದದೆಯೇ ಅರ್ಥವಾಗುತ್ತದೆ, ಅದೇ ಕಷ್ಟ.

ಬಂದರಿನ_ಗುಮಾಸ್ತ

ಅಂಗಡಿಯವರು ಹೇಳಿದ ಮೇಲೆ ನಾನು ಸೇರಿಸುವುದು ಕಡಿಮೆ. 'ಸಹಕರಿಸಿ' ಎಂಬ ಪದವನ್ನೂ ಹಾಗಾದರೆ ಬಿಡಬೇಕು. ಬಾಕಿ ಕೊಡುವುದು ಸಹಕಾರವಲ್ಲ.

ಮಲ್ಪೆಯ_ಐಸ್_ಪ್ಲಾಂಟ್

ನನ್ನ ಪರಿಸ್ಥಿತಿ ಸ್ವಲ್ಪ ಬೇರೆ. ಬೋಟುಗಳಿಗೆ ಮಂಜುಗಡ್ಡೆ ಕೊಡುವ ವ್ಯವಹಾರ ನಮ್ಮದು. ಬಾಕಿ ಇರಿಸಿಕೊಂಡಿರುವ ಒಬ್ಬ ಬೋಟ್ ಮಾಲಕರು ನನ್ನ ತಂದೆಯ ಬಾಲ್ಯ ಸ್ನೇಹಿತರು, ಹುಟ್ಟಿದಂದಿನಿಂದ ಅವರನ್ನು ದೊಡ್ಡಪ್ಪ ಎಂದೇ ಕರೆದಿದ್ದೇನೆ. ಅವರಿಗೆ 'ಮಾನ್ಯರೇ' ಎಂದು ಬರೆದರೆ ಮುಖಕ್ಕೆ ಬಾಗಿಲು ಹಾಕಿದಂತಾಗುವುದಿಲ್ಲವೇ? 'ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ' ಎಂದು ಬರೆಯೋಣವೆಂದುಕೊಂಡಿದ್ದೆ. ಇನ್ನೊಂದು ವಿಷಯ, ಮನೆಯಲ್ಲಿ ನಾವು ತುಳು ಆಡುವವರು. ತುಳುವಿನಲ್ಲಿ ಒಬ್ಬ ಹಿರಿಯರಿಗೆ 'ಈರ್', ಹಲವರಿಗೆ 'ನಿಕುಲು'. ಕನ್ನಡದ 'ನೀವು' ಎಂಬುದನ್ನು ನಾವು 'ಈರ್' ಎಂಬ ಗೌರವದಲ್ಲಿಯೇ ಆಡುತ್ತೇವೆ. 'ತಾವು' ಎಂದರೆ ಸಭೆಯಲ್ಲಿ ಸ್ವಾಗತ ಭಾಷಣ ಮಾಡಿದಂತಾಗುತ್ತದೆ.

ಬಂದರಿನ_ಗುಮಾಸ್ತ

ನಿಮ್ಮ ಎರಡೂ ಪ್ರಶ್ನೆಗಳು ಒಳ್ಳೆಯವು. ತೀರ್ಥರೂಪ ಎಂದು ತಂದೆಗೂ, ತೀರ್ಥರೂಪ ಸಮಾನರು ಎಂದು ತಂದೆಯ ಸ್ಥಾನದಲ್ಲಿರುವವರಿಗೂ ಬರೆಯುವುದು ಹಳೆಯ ಸಂಪ್ರದಾಯ. ಆದರೆ ಅದು ಮನೆಯ ಪತ್ರದ ಸಂಬೋಧನೆ. ಅದರ ಬೆನ್ನಿಗೆ 'ಉಭಯ ಕುಶಲೋಪರಿ ಸಾಂಪ್ರತ' ಬರಬೇಕು, ಕೊನೆಯಲ್ಲಿ ಶಿರಸಾಷ್ಟಾಂಗ ನಮಸ್ಕಾರ ಬರಬೇಕು, ಮಧ್ಯದಲ್ಲಿ ಬಿಲ್ಲು ಸಂಖ್ಯೆಗೆ ಜಾಗವಿರುವುದಿಲ್ಲ. ಮಂಡಿಯಲ್ಲಿ ನಮ್ಮ ಧಣಿಗಳಿಗೂ ಇಂಥ ನೆಂಟರು ಇದ್ದರು. ನಾವು ಮಾಡುತ್ತಿದ್ದುದು ಇಷ್ಟೇ: ಲೆಟರ್‌ಹೆಡ್ಡಿನ ಮೇಲೆ ಮಾನ್ಯರೇ ಎಂದು ಆರಂಭಿಸಿ ಲೆಕ್ಕದ ಪತ್ರ, ಅದರ ಜೊತೆಗೆ ಧಣಿಗಳ ಕೈಬರಹದಲ್ಲಿ ಬೇರೆಯೇ ಒಂದು ಚೀಟಿ. ಚೀಟಿಯಲ್ಲಿ ಅಣ್ಣ, ಮಾವ, ದೊಡ್ಡಪ್ಪ ಎಲ್ಲವೂ ಇರುತ್ತಿತ್ತು, ಹಣದ ಮಾತು ಒಂದಕ್ಷರವೂ ಇರುತ್ತಿರಲಿಲ್ಲ. ಪತ್ರ ಅವರ ಲೆಕ್ಕದವರ ಕೈಗೆ ಹೋಗುತ್ತದೆ, ಚೀಟಿ ಅವರ ಜೇಬಿಗೆ ಹೋಗುತ್ತದೆ.

'ತಾವು' ಮತ್ತು 'ನೀವು' ವಿಷಯದಲ್ಲಿ ನಿಮ್ಮ ಕಿವಿ ಹೇಳುವುದು ಸುಳ್ಳಲ್ಲ. ಕರಾವಳಿಯ ಮಾತಿನಲ್ಲಿ 'ನೀವು' ಪೂರ್ಣ ಗೌರವದ್ದೇ. ಆದರೆ ಬರಹದಲ್ಲಿ ಹಿರಿಯರು ತಾವು ಎಂಬುದನ್ನು ನಿರೀಕ್ಷಿಸುತ್ತಾರೆ. ನೀವು ಎಂದು ಬರೆದರೆ ತಪ್ಪಾಗುವುದಿಲ್ಲ, ಪತ್ರದುದ್ದಕ್ಕೂ ಒಂದೇ ಇರಬೇಕಷ್ಟೆ.

ಮಂಗಳೂರಿನ_ಲೆಕ್ಕಪತ್ರ

ಇಷ್ಟೆಲ್ಲ ಒಕ್ಕಣೆಯ ಚರ್ಚೆಗಿಂತ ಕಾನೂನಿನ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗೆ, ಒಪ್ಪಂದದಲ್ಲಿ ಏನೇ ಇದ್ದರೂ, 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ತಡವಾದರೆ ಬಡ್ಡಿಯನ್ನೂ ಕೊಡಬೇಕಾಗುತ್ತದೆ. ಪತ್ರದ ಮೊದಲ ವಾಕ್ಯದಲ್ಲಿಯೇ ಇದನ್ನು ಬರೆಯಿರಿ, ಸಂಬೋಧನೆ ಏನಾದರೂ ಇರಲಿ.

ರಥಬೀದಿಯ_ಅಂಗಡಿಯವರು

ಆ ಪತ್ರ ಬಿಲ್ಲುಗಳ ಕಡೆಗೂ ಹೋಗುವುದಿಲ್ಲ, ವಂತಿಗೆಯ ಕಡೆಗೂ ಹೋಗುವುದಿಲ್ಲ, ನೇರವಾಗಿ ವಕೀಲರ ಕಡೆಗೆ ಹೋಗುತ್ತದೆ. ಅಲ್ಲಿಂದ ಹಿಂದಿರುಗುವುದಕ್ಕೆ ಆರು ತಿಂಗಳು.

ಬಂದರಿನ_ಗುಮಾಸ್ತ

ಕಾಯ್ದೆಯ ಮಾತು ಸುಳ್ಳಲ್ಲ, ಅದರ ಸ್ಥಾನ ಮೊದಲ ಪತ್ರವಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ. 'ಮಾನ್ಯರೇ' ಎಂದು ಕರೆದು ಅದರ ಕೆಳಗೇ ಕಾಯ್ದೆಯನ್ನು ಇಟ್ಟರೆ ಸಂಬೋಧನೆಯೇ ವ್ಯಂಗ್ಯವಾಗಿ ಕೇಳಿಸುತ್ತದೆ. ಮೂರನೆಯ ಪತ್ರದಲ್ಲಿ ಅದು ಬರಲಿ, ಆಗಲೂ ಸಂಬೋಧನೆ ಮಾನ್ಯರೇ ಎಂದೇ ಇರಲಿ. ಸಿಟ್ಟು ಬಂದಾಗ ಕೆಲವರು 'ಮಹಾಶಯರೇ' ಎಂಬುದಕ್ಕೆ ಇಳಿಯುತ್ತಾರೆ. ಅದು ನಿಘಂಟಿನಲ್ಲಿ ಗೌರವದ ಪದವೇ, ಆದರೆ ನಾವೀಗ ಮಾತಿನಲ್ಲಿ ಅದನ್ನು ಬಳಸುವುದು ಕುಟುಕುವುದಕ್ಕೆ. ಎರಡನೆಯ, ಮೂರನೆಯ ಪತ್ರಗಳಲ್ಲಿ ಗಟ್ಟಿಯಾಗಬೇಕಾದದ್ದು ದಿನಾಂಕ ಮತ್ತು ಕ್ರಿಯಾಪದ, ಸಂಬೋಧನೆಯಲ್ಲ.

ಅಚ್ಚುಮೊಳೆ_ಉಡುಪಿ

ಎಲ್ಲವನ್ನೂ ಓದಿ ಕರಡನ್ನು ತಿದ್ದಿದ್ದೇನೆ. 'ಪೂಜ್ಯ' ತೆಗೆದೆ, ಆದರೆ ಬರೀ 'ಮಾನ್ಯರೇ' ಎಂದರೆ ಗೌರವ ಕಡಿಮೆಯಾಯಿತೇ ಎಂಬ ಅಳುಕು ಹೋಗಿಲ್ಲ. 'ಆತ್ಮೀಯ ಶೆಟ್ಟರೇ' ಎನ್ನಬಹುದೇ?

ಬಂದರಿನ_ಗುಮಾಸ್ತ

ಆತ್ಮೀಯ, ಪ್ರಿಯ ಎಂಬವು ಸಮಾನರಿಗೆ, ಇಲ್ಲವೇ ಹಿರಿಯರು ಕಿರಿಯರಿಗೆ ಬರೆಯುವಂಥವು. ಆತ್ಮೀಯತೆಯನ್ನು ಕರೆಯುವ ಹಕ್ಕು ಹಿರಿಯರದ್ದು. 'ಮಾನ್ಯ ಶೆಟ್ಟರೇ' ಎನ್ನಬಹುದು, ನಮ್ಮ ಕಡೆ ಶೆಟ್ಟರು, ಭಟ್ಟರು, ಪೈಗಳು, ಕಾಮತರು ಎಂದು ಕುಲನಾಮದಿಂದ ಕರೆಯುವುದೇ ಮರ್ಯಾದೆ. ಆದರೆ ಅವರ ಸ್ವಂತ ಹೆಸರನ್ನು ಸಂಬೋಧನೆಯಲ್ಲಿ ತರಬಾರದು, ಅದು ವಿಳಾಸದಲ್ಲಿ ಇದ್ದರೆ ಸಾಕು.

ಅಳುಕಿನ ಬಗ್ಗೆ ಒಂದು ಮಾತು. ವಯಸ್ಸಿಗೆ ಸಲ್ಲುವ ಗೌರವವನ್ನು ಸಂಬೋಧನೆಯೊಂದರಲ್ಲಿಯೇ ತುಂಬಬೇಕಾಗಿಲ್ಲ. ಅದಕ್ಕೆ ಕನ್ನಡದ ಕ್ರಿಯಾಪದದಲ್ಲಿ ಬೇಕಾದಷ್ಟು ಜಾಗವಿದೆ. 'ಪಾವತಿ ಮಾಡಬೇಕು' ಎಂದರೆ ನೀವು ಅವರಿಗೇ ಕೆಲಸ ಹೇಳಿದಂತೆ, ಮತ್ತು ಈವರೆಗೆ ಮಾಡದವರು ಅವರೇ ಎಂದಂತೆ. 'ಪಾವತಿ ಮಾಡಿಸಿಕೊಡಬೇಕು' ಎಂದರೆ ಅವರು ಒಂದು ಮಾತು ಹೇಳಿದರೆ ಸಾಕು, ಮಾಡುವವರು ಬೇರೆ ಇದ್ದಾರೆ. ತಡವಾದ ತಪ್ಪು ಅವರ ಮೈಮೇಲಿಂದ ಇಳಿದು ಅಂಗಡಿಯ ಲೆಕ್ಕದ ಮೇಜಿನ ಮೇಲೆ ಕುಳಿತುಕೊಳ್ಳುತ್ತದೆ. ನಮ್ಮ ಮಂಡಿಯಲ್ಲಿ ನನಗೆ ಮೊದಲು ಪತ್ರ ಕಲಿಸಿದ ಹಿರಿಯ ಗುಮಾಸ್ತರು ಈ 'ಇಸು' ಎಂಬುದಕ್ಕೆ 'ಕುರ್ಚಿ' ಎಂದು ಹೆಸರಿಟ್ಟಿದ್ದರು. ಹಿರಿಯರಿಗೆ ಹಾಕಿಕೊಡುವ ಕುರ್ಚಿ.

ಕಾರ್ಕಳದ_ಕನ್ನಡ_ಮೇಷ್ಟ್ರು

ಇದು ನನಗೂ ಹಿಡಿಸಿತು. ಒಂದನ್ನು ನಾನೂ ಸೇರಿಸುತ್ತೇನೆ. ವಿಳಾಸದ ಮೇಲೆ 'ಗೆ,' ಎಂದು ಒಂಟಿಯಾಗಿ ಬರೆಯುವ ರೂಢಿ ಎಲ್ಲೆಡೆ ಇದೆ. ಅದೊಂದು ವಿಭಕ್ತಿ ಪ್ರತ್ಯಯ, ಹಿಂದೆ ನಾಮಪದವಿಲ್ಲದೆ ನಿಲ್ಲಲಾರದು. ಇಂಗ್ಲಿಷ್ ಪತ್ರವನ್ನು ನೋಡಿ ಬರೆದುಕೊಂಡದ್ದು. ಹೆಸರು, ಹುದ್ದೆ, ಊರು ಬರೆದು ಕೊನೆಗೆ 'ಇವರಿಗೆ' ಎಂದರೆ ಕನ್ನಡವಾಗುತ್ತದೆ. 'ರವರಿಗೆ' ಎಂದೂ ಬೇಡ, 'ಅವರಿಗೆ' ಎಂದಿರಲಿ.

ಅಚ್ಚುಮೊಳೆ_ಉಡುಪಿ

ಕೊನೆಯ ರೂಪ ಇದು. ನಾಳೆ ಅಂಚೆಗೆ ಹಾಕುತ್ತೇನೆ.

ಉಡುಪಿ
ದಿನಾಂಕ: 10-11-2025

ಶ್ರೀಯುತ (ಹೆಸರು), ಮಾಲಕರು,
(ಅಂಗಡಿಯ ಹೆಸರು), ಮಂಗಳೂರು – ಇವರಿಗೆ.

ಮಾನ್ಯರೇ,

ವಿಷಯ: ಬಿಲ್ಲು ಸಂಖ್ಯೆ 47ರ ಬಾಕಿ ಮೊತ್ತದ ಪಾವತಿಯ ಕುರಿತು.

ನಮಸ್ಕಾರಗಳು. ಜುಲೈ 14ರಂದು ತಮ್ಮ ಅಂಗಡಿಗೆ ಒಪ್ಪಿಸಿದ ಬಿಲ್ಲು ಪುಸ್ತಕಗಳು ಮತ್ತು ಕಾಗದದ ಚೀಲಗಳ ಒಟ್ಟು ಮೊತ್ತ 23,600 ರೂಪಾಯಿಗಳಲ್ಲಿ ತಾವು ಮುಂಗಡವಾಗಿ ಕೊಟ್ಟ 5,000 ರೂಪಾಯಿಗಳು ಸಂದಿವೆ. ಉಳಿದ 18,600 ರೂಪಾಯಿಗಳನ್ನು ದೀಪಾವಳಿಯ ಅಂಗಡಿ ಪೂಜೆಯ ಬಳಿಕ ಕೊಡಿಸುವುದಾಗಿ ತಾವು ತಿಳಿಸಿದ್ದಿರಿ. ಆ ಮೊತ್ತವನ್ನು ಇದೇ ನವೆಂಬರ್ 24ರ ಒಳಗಾಗಿ ಚೆಕ್ಕಿನ ಮೂಲಕವಾಗಲಿ, ಬ್ಯಾಂಕ್ ಖಾತೆಗಾಗಲಿ ಪಾವತಿ ಮಾಡಿಸಿಕೊಡಬೇಕೆಂದು ವಿನಂತಿಸುತ್ತೇನೆ. ಬಿಲ್ಲಿನ ಪ್ರತಿಯನ್ನು ಇದರೊಂದಿಗೆ ಇರಿಸಿದ್ದೇನೆ.

ವಂದನೆಗಳೊಂದಿಗೆ,

ಇತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು)

ಬಂದರಿನ_ಗುಮಾಸ್ತ

ಚೆನ್ನಾಗಿದೆ. 24 ಸೋಮವಾರ, ಅದೂ ಒಳ್ಳೆಯದಾಯಿತು. ಹಳೆಯ ವ್ಯಾಪಾರಿಗಳಲ್ಲಿ ಅನೇಕರು ಮಂಗಳವಾರ, ಶುಕ್ರವಾರ ಕೈಯಿಂದ ಹಣ ಬಿಡುವುದಿಲ್ಲ. 'ಅಂಗಡಿ ಪೂಜೆಯ ಬಳಿಕ' ಎಂದು ಅವರ ಮಾತನ್ನೇ ಅವರಿಗೆ ನೆನಪಿಸಿದ್ದು ಪತ್ರದ ಅತ್ಯಂತ ಬಲವಾದ ಸಾಲು, ಅದನ್ನು ತೆಗೆಯಬೇಡಿರಿ.

ಮಂಗಳೂರಿನ_ಲೆಕ್ಕಪತ್ರ

'ಮುಂಚಿತವಾಗಿ ಧನ್ಯವಾದಗಳು' ಎಂಬುದು ಕೊನೆಯಲ್ಲಿ ಇಲ್ಲವಲ್ಲ. ಈಗ ಎಲ್ಲರೂ ಹಾಕುತ್ತಾರೆ.

ಬಂದರಿನ_ಗುಮಾಸ್ತ

ಕೊಡುವ ಮೊದಲೇ ಧನ್ಯವಾದ ಹೇಳುವುದು ನನಗೆ ಕೈಹಿಡಿದು ಎಳೆದಂತೆ ಕಾಣುತ್ತದೆ.

ಮಲ್ಪೆಯ_ಐಸ್_ಪ್ಲಾಂಟ್

ನಾನು ಪ್ರತಿ ಪತ್ರದಲ್ಲಿಯೂ ಹಾಕುತ್ತೇನೆ, ಯಾರೂ ಬೇಸರಿಸಿಲ್ಲ. ಇದರಲ್ಲಿ ತಲೆಮಾರಿನ ವ್ಯತ್ಯಾಸ ಇರಬಹುದು.

ಅಚ್ಚುಮೊಳೆ_ಉಡುಪಿ

ಹನ್ನೊಂದು ದಿನಗಳ ಬಳಿಕ ಬರೆಯುತ್ತಿದ್ದೇನೆ. ನಿನ್ನೆ ಮಾಲಕರೇ ಫೋನ್ ಮಾಡಿದ್ದರು. "ಪತ್ರ ಸಿಕ್ಕಿತು ಮಾರಾಯ್ತಿ, ಲೆಕ್ಕದವನಿಗೆ ಹೇಳಿದ್ದೇನೆ" ಎಂದರು. ಸಂಜೆಗೆ ಖಾತೆಗೆ 10,000 ಬಂತು, ಉಳಿದ 8,600 ಮುಂದಿನ ವಾರವಂತೆ. ಒಂದು ಆಕ್ಷೇಪವನ್ನೂ ಹೇಳಿದರು: ಪತ್ರದ ತಲೆಯಲ್ಲಿ 'ಶ್ರೀ' ಇಲ್ಲದ್ದನ್ನು ನೋಡಿ ಒಂದು ಕ್ಷಣ ಎದೆ ಧಸಕ್ಕೆಂದಿತಂತೆ.

ಬಂದರಿನ_ಗುಮಾಸ್ತ

ಅದು ನನ್ನ ತಪ್ಪು, ಹೇಳಬೇಕಾಗಿತ್ತು. ಸಾವಿನ ಸುದ್ದಿ ತಿಳಿಸುವ ಪತ್ರದ ಮೇಲೆ ಮಾತ್ರ ಶ್ರೀ ಬರೆಯುತ್ತಿರಲಿಲ್ಲ, ಆ ತಲೆಮಾರಿನವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅಚ್ಚಾದ ಲೆಟರ್‌ಹೆಡ್ ಇದ್ದರೆ ಯಾರೂ ಗಮನಿಸುವುದಿಲ್ಲ, ಬಿಳಿಯ ಹಾಳೆಯಾದರೆ ಗಮನಿಸುತ್ತಾರೆ. ಹಾಗೆಂದು ಎಲ್ಲರಿಗೂ ಬರೆಯಲು ಬರುವುದಿಲ್ಲ. ನಮ್ಮ ಮಂಡಿಯ ವ್ಯವಹಾರದಲ್ಲಿ ಬ್ಯಾರಿ ಮಾಲಕರೂ ಕ್ರೈಸ್ತ ಮಾಲಕರೂ ಬೇಕಾದಷ್ಟು ಇದ್ದರು, ಅವರಿಗೆ ಬರೆಯುವಾಗ ಮೇಲೆ ಊರು, ದಿನಾಂಕ ಮಾತ್ರ ಇರುತ್ತಿತ್ತು.

ಅಚ್ಚುಮೊಳೆ_ಉಡುಪಿ

ಹಣ ಪೂರ್ತಿ ಬಂದ ಮೇಲೆ ರಸೀದಿಯ ಜೊತೆಗೆ ಎರಡು ಸಾಲು ಬರೆಯಬೇಕೆಂದಿದ್ದೇನೆ. ಅಲ್ಲಿಯೂ ವಿಶ್ವಾಸಿಯೇ?

ರಥಬೀದಿಯ_ಅಂಗಡಿಯವರು

ಅಲ್ಲಿ ವಿಶ್ವಾಸಿಯೇ ಇರಲಿ. ಧನ್ಯವಾದವನ್ನೂ ಆಗ ಬರೆಯಿರಿ, ಶ್ರೀಯನ್ನು ಮರೆಯಬೇಡಿರಿ.